ಮರಕುಟಿಗದ ತಲೆಯಲ್ಲಿ ಶಾಕ್ ಅಬ್ಸಾರ್ಬರ್ ಇಲ್ಲ

ಮರಕುಟಿಗವೊಂದು ಕಾಂಡಕ್ಕೆ ಕೊಕ್ಕು ಬಡಿಯುವಾಗ ಅದರ ತಲೆಯ ವೇಗ ಸೆಕೆಂಡಿಗೆ ಆರೇಳು ಮೀಟರ್ ಮುಟ್ಟುತ್ತದೆ. ಗಂಟೆಯ ಲೆಕ್ಕದಲ್ಲಿ ಇದು ಸುಮಾರು 25 ಕಿಲೋಮೀಟರ್. ಊರೊಳಗಿನ ರಸ್ತೆಯಲ್ಲಿ ನಿಧಾನವಾಗಿ ಹೋಗುವ ಸ್ಕೂಟರಿನ ವೇಗ ಎನ್ನಬಹುದು. ಈ ವೇಗದಲ್ಲಿ ಬಂದ ತಲೆ ಕೆಲವೇ ಮಿಲಿಮೀಟರ್ ಅಂತರದಲ್ಲಿ, ಸೆಕೆಂಡಿನ ಸಾವಿರದ ಒಂದೆರಡು ಭಾಗದಷ್ಟು ಸಮಯದಲ್ಲಿ ಪೂರ್ತಿ ನಿಂತುಬಿಡುತ್ತದೆ. ಮರುಗಳಿಗೆಯಲ್ಲೇ ಹಿಂದೆ ಸರಿದು ಮತ್ತೆ ಬಡಿಯುತ್ತದೆ. ತನ್ನ ಗಡಿಯನ್ನು ಸಾರಲು ಕೆಲವು ಜಾತಿಗಳು ಒಂದೇ ಸೆಕೆಂಡಿನಲ್ಲಿ ಹತ್ತರಿಂದ ಇಪ್ಪತ್ತು ಸಲ ಬಡಿಯುವುದುಂಟು. ಹುಳ ಹುಡುಕುವುದು, ಗೂಡು ಕೊರೆಯುವುದು ಎಲ್ಲ ಸೇರಿದರೆ ದಿನಕ್ಕೆ ಸಾವಿರಾರು ಹೊಡೆತಗಳಾಗುತ್ತವೆ.

ಮನುಷ್ಯನ ತಲೆಗೆ ಇಂಥ ಒಂದೇ ಒಂದು ಪೆಟ್ಟು ಬಿದ್ದರೆ ಕಣ್ಣು ಕತ್ತಲಿಟ್ಟು ಬೀಳುತ್ತಾನೆ. ಹಕ್ಕಿಗೆ ಏನೂ ಆಗುವುದಿಲ್ಲ. ಯಾಕೆ?

ಈ ಪ್ರಶ್ನೆಗೆ ಶಾಲೆಯ ಪುಸ್ತಕ, ಟೀವಿ ಕಾರ್ಯಕ್ರಮ, ಮೃಗಾಲಯದ ಫಲಕ ಎಲ್ಲವೂ ಬಹಳ ಕಾಲದಿಂದ ಒಂದೇ ಉತ್ತರ ಕೊಡುತ್ತ ಬಂದಿವೆ: ಮರಕುಟಿಗದ ತಲೆಯಲ್ಲಿ ಪೆಟ್ಟನ್ನು ಹೀರಿಕೊಳ್ಳುವ ವ್ಯವಸ್ಥೆ ಇದೆ. ಕೊಕ್ಕು ಮತ್ತು ತಲೆಬುರುಡೆಯ ನಡುವೆ ಸಣ್ಣ ಸಣ್ಣ ರಂಧ್ರಗಳಿರುವ, ಸ್ಪಂಜಿನಂಥ ಮೂಳೆ ಇದೆ, ಅದು ಒತ್ತಿಕೊಂಡು ಪೆಟ್ಟನ್ನು ಮೆತ್ತಗಾಗಿಸುತ್ತದೆ. ಉದ್ದ ನಾಲಿಗೆಗೆ ಆಧಾರವಾದ ಮೂಳೆ ಬುರುಡೆಯ ಹಿಂದಿನಿಂದ ನೆತ್ತಿಯ ಮೇಲಕ್ಕೆ ಸುತ್ತಿ ಬರುತ್ತದೆ, ಅದು ಸೀಟ್ ಬೆಲ್ಟಿನ ಕೆಲಸ ಮಾಡುತ್ತದೆ. ಕೇಳಲು ಸೊಗಸಾದ ಉತ್ತರ. ಆದರೆ ಹಕ್ಕಿ ಬಡಿಯುವಾಗ ಅಳೆದು ನೋಡಿದರೆ ಇದು ನಿಲ್ಲುವುದಿಲ್ಲ. ನಿಜವಾದ ಉತ್ತರ ಬೇರೆ ಕಡೆ ಇದೆ, ಮತ್ತು ಅದು ಇನ್ನೂ ಸರಳವಾಗಿದೆ.

ಹಳೆಯ ಉತ್ತರ ಹುಟ್ಟಿದ್ದು

ಮರಕುಟಿಗದ ತಲೆಯನ್ನು ವೈದ್ಯರ ಕಣ್ಣಿನಿಂದ ನೋಡಿದವರಲ್ಲಿ ಮೊದಲಿಗರು ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದಲ್ಲಿದ್ದ ಮನೋವೈದ್ಯ ಫಿಲಿಪ್ ಮೇ ಮತ್ತು ಅವರ ಸಂಗಡಿಗರು. 1976ರಲ್ಲಿ ಅವರು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಹಕ್ಕಿಯ ತಲೆಯನ್ನು ಸೀಳಿ ನೋಡಿದಾಗ ಅವರಿಗೆ ಕಂಡದ್ದು, ಬುರುಡೆಯೊಳಗೆ ಆಚೀಚೆ ಅಲುಗಾಡಲು ಜಾಗವೇ ಇಲ್ಲದಂತೆ ಕೂತಿದ್ದ ಪುಟ್ಟ ಮಿದುಳು. ನಮ್ಮ ಬುರುಡೆಯಲ್ಲಿ ಮಿದುಳಿನ ಸುತ್ತ ದ್ರವ ತುಂಬಿದ ತೆರಪು ಇರುತ್ತದೆ. ಮರಕುಟಿಗದಲ್ಲಿ ಆ ತೆರಪು ತೀರ ಕಿರಿದು. ಮಿದುಳಿನ ಸುತ್ತ ಒತ್ತಾದ ಸ್ಪಂಜು ಮೂಳೆ ಇತ್ತು. ತಲೆಪೆಟ್ಟಿನಿಂದ ಮನುಷ್ಯರನ್ನು ಕಾಪಾಡುವ ಹೆಲ್ಮೆಟ್ ತಯಾರಿಸುವವರು ಈ ಹಕ್ಕಿಯಿಂದ ಕಲಿಯಬಹುದು ಎಂಬ ಸೂಚನೆಯೂ ಆ ಬರಹದಲ್ಲಿತ್ತು.

ಮೂರು ವರ್ಷಗಳ ನಂತರ, 1979ರಲ್ಲಿ ಅದೇ ತಂಡ ಜೀವಂತ ಮರಕುಟಿಗವೊಂದು ಬಡಿಯುವುದನ್ನು ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿಯಿತು. ಮೇಲೆ ಹೇಳಿದ ಸೆಕೆಂಡಿಗೆ ಆರೇಳು ಮೀಟರ್ ವೇಗದ ಲೆಕ್ಕ ಸಿಕ್ಕಿದ್ದು ಆ ಚಿತ್ರಗಳಿಂದಲೇ. ಆಗ ಇನ್ನೊಂದು ಮುಖ್ಯ ಸಂಗತಿಯೂ ಕಂಡಿತು. ಹಕ್ಕಿಯ ತಲೆ ಬಹುಮಟ್ಟಿಗೆ ನೇರ ಗೆರೆಯಲ್ಲಿ ಮುಂದೆ ಹೋಗಿ ನೇರ ಗೆರೆಯಲ್ಲೇ ಹಿಂದೆ ಬರುತ್ತಿತ್ತು. ಪೆಟ್ಟು ಬೀಳುವ ಹೊತ್ತಿಗೆ ತಲೆ ಪಕ್ಕಕ್ಕೆ ತಿರುಗುತ್ತಿರಲಿಲ್ಲ. ಈ ಸಂಗತಿಯ ಮಹತ್ವವನ್ನು ಆಮೇಲೆ ನೋಡೋಣ.

ಮುಂದಿನ ದಶಕಗಳಲ್ಲಿ ಎಂಜಿನಿಯರುಗಳು ಕೈಹಾಕಿದರು. 2011ರಲ್ಲಿ ಬೀಜಿಂಗಿನ ಸಂಶೋಧಕರು ತಲೆಬುರುಡೆಯ ಸ್ಕ್ಯಾನ್ ತೆಗೆದು, ಕಂಪ್ಯೂಟರಿನಲ್ಲಿ ಮಾದರಿ ಕಟ್ಟಿ, ಮೇಲ್ಗೊಕ್ಕು ಮತ್ತು ಕೆಳಗೊಕ್ಕಿನ ಉದ್ದದ ವ್ಯತ್ಯಾಸ, ಸ್ಪಂಜು ಮೂಳೆ, ನಾಲಿಗೆ ಮೂಳೆ ಮೂರೂ ಸೇರಿ ಮಿದುಳಿಗೆ ತಟ್ಟುವ ಪೆಟ್ಟನ್ನು ತಗ್ಗಿಸುತ್ತವೆ ಎಂದರು. ಅದೇ ವರ್ಷ ಅಮೆರಿಕದ ಬರ್ಕ್ಲಿಯ ಇಬ್ಬರು ಸಂಶೋಧಕರು ಈ ತಲೆಯನ್ನೇ ಅನುಕರಿಸಿ ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಭಾರಿ ಹೊಡೆತದಿಂದ ಉಳಿಸುವ ಪೆಟ್ಟಿಗೆಯೊಂದನ್ನು ಮಾಡಿ ತೋರಿಸಿದರು. ಪೆಟ್ಟಿಗೆ ಚೆನ್ನಾಗಿಯೇ ಕೆಲಸ ಮಾಡಿತು. ಹಾಗಾಗಿ ಮೂಲ ಹಕ್ಕಿಯ ತಲೆಯೂ ಹೀಗೆಯೇ ಕೆಲಸ ಮಾಡುತ್ತದೆ ಎಂಬ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಆದರೆ ಹಕ್ಕಿ ನಿಜವಾಗಿ ಬಡಿಯುವಾಗ ಕೊಕ್ಕಿಗೆ ಬಿದ್ದ ಪೆಟ್ಟು ಮಿದುಳಿನ ಹತ್ತಿರ ಬರುವಷ್ಟರಲ್ಲಿ ಕಡಿಮೆಯಾಗುತ್ತದೆಯೇ ಎಂದು ನೇರವಾಗಿ ಅಳೆಯುವ ಕೆಲಸ ಬಾಕಿ ಇತ್ತು.

ಮೆತ್ತಗಿನ ಸುತ್ತಿಗೆಯಿಂದ ಏನು ಪ್ರಯೋಜನ?

ಅಳೆಯುವ ಮೊದಲೇ ಒಂದು ಅನುಮಾನ ಬರಬೇಕಿತ್ತು. ಬಡಗಿಯೊಬ್ಬ ಮೊಳೆ ಹೊಡೆಯಲು ಸುತ್ತಿಗೆ ತೆಗೆದುಕೊಳ್ಳುತ್ತಾನೆ. ಆ ಸುತ್ತಿಗೆಯ ಮೂತಿಗೆ ದಪ್ಪ ರಬ್ಬರು ಕಟ್ಟಿಕೊಟ್ಟರೆ ಅವನ ಕೈಗೆ ಅದುರು ಕಡಿಮೆಯಾಗಬಹುದು, ಆದರೆ ಮೊಳೆ ಇಳಿಯುವುದಿಲ್ಲ. ಮೊಳೆಗೆ ಸೇರಬೇಕಾದ ಶಕ್ತಿಯನ್ನು ರಬ್ಬರು ನುಂಗಿಬಿಡುತ್ತದೆ. ಮೊದಲಿನಷ್ಟೇ ಆಳಕ್ಕೆ ಮೊಳೆ ಇಳಿಸಬೇಕಾದರೆ ಇನ್ನೂ ಜೋರಾಗಿ ಬೀಸಬೇಕು, ಆಗ ಅದುರು ಮತ್ತೆ ಮೊದಲಿನ ಮಟ್ಟಕ್ಕೇ ಬರುತ್ತದೆ.

ಮರಕುಟಿಗ ಬಡಿಯುವುದು ತೊಗಟೆ ಸೀಳಿ ಒಳಗಿನ ಹುಳ ತೆಗೆಯಲು, ಮರದಲ್ಲಿ ಪೊಟರೆ ಕೊರೆಯಲು. ಕೊಕ್ಕಿನ ಹಿಂದೆ ಪೆಟ್ಟು ನುಂಗುವ ಮೂಳೆ ಇದ್ದರೆ ಮಿದುಳಿಗೆ ತಟ್ಟುವ ಪೆಟ್ಟು ಎಷ್ಟು ಕಡಿಮೆಯಾಗುತ್ತದೋ, ಮರಕ್ಕೆ ಬೀಳುವ ಏಟೂ ಅಷ್ಟೇ ದುರ್ಬಲವಾಗುತ್ತದೆ. ಕುತ್ತಿಗೆಯ ಸ್ನಾಯುಗಳು ಸುಟ್ಟ ಶಕ್ತಿ ವ್ಯರ್ಥ. ಲಕ್ಷಾಂತರ ವರ್ಷ ಮರ ಕೊರೆದೇ ಬದುಕಿದ ಹಕ್ಕಿಯಲ್ಲಿ ಇಂಥ ನಷ್ಟದ ವ್ಯವಸ್ಥೆ ಉಳಿದುಬಂದಿದ್ದರೆ ಅದೇ ಆಶ್ಚರ್ಯ.

ಬೆಲ್ಜಿಯಂನ ಆಂಟ್‌ವರ್ಪ್ ವಿಶ್ವವಿದ್ಯಾಲಯದ ಸ್ಯಾಮ್ ವಾನ್ ವಾಸೆನ್‌ಬರ್ಗ್ ಮತ್ತು ಸಂಗಡಿಗರು ಈ ಅನುಮಾನವನ್ನೇ ಹಿಡಿದು ಹೊರಟರು. ಯುರೋಪಿನ ಕರಿ ಮರಕುಟಿಗ, ಅಲ್ಲಿನದೇ ಚುಕ್ಕೆ ಮರಕುಟಿಗ ಮತ್ತು ಉತ್ತರ ಅಮೆರಿಕದ ಕೆಂಪು ಜುಟ್ಟಿನ ದೊಡ್ಡ ಮರಕುಟಿಗ, ಹೀಗೆ ಮೂರು ಜಾತಿಯ ಆರು ಹಕ್ಕಿಗಳನ್ನು ಆಯ್ದುಕೊಂಡರು. ಮೊದಲನೆಯ ಕರಿ ಮರಕುಟಿಗ ನಮಗೆ ಪರಕೀಯವಲ್ಲ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಕಾಣುವ, ಕಪ್ಪು ಮೈ, ಬಿಳಿ ಹೊಟ್ಟೆ, ಕೆಂಪು ಜುಟ್ಟಿನ ದೊಡ್ಡ ಮರಕುಟಿಗ ಅದರದೇ ಕುಲದ್ದು.

ಕೊಕ್ಕಿನ ಚುಕ್ಕೆ, ಕಣ್ಣಿನ ಚುಕ್ಕೆ

ಪ್ರಯೋಗದ ಉಪಾಯ ನೇರವಾಗಿತ್ತು. ಹಕ್ಕಿ ಬಡಿಯುವುದನ್ನು ಪಕ್ಕದಿಂದ ಅತಿವೇಗದ ಕ್ಯಾಮೆರಾದಲ್ಲಿ ಚಿತ್ರಿಸುವುದು. ಆ ಚಿತ್ರಗಳನ್ನು ಒಂದೊಂದಾಗಿ ಹಿಡಿದು ಎರಡು ಜಾಗಗಳನ್ನು ಗುರುತಿಸುತ್ತ ಹೋಗುವುದು. ಒಂದು ಕೊಕ್ಕಿನ ಮೇಲೆ, ಇನ್ನೊಂದು ಕಣ್ಣು. ಕಣ್ಣು ಕೂತಿರುವುದು ಮಿದುಳಿನ ಗೂಡಿಗೆ ತಾಗಿಕೊಂಡೇ. ಹಾಗಾಗಿ ಕಣ್ಣು ಹೇಗೆ ಚಲಿಸಿತೋ ಬುರುಡೆಯ ಆ ಭಾಗವೂ ಹಾಗೆಯೇ ಚಲಿಸಿದೆ ಎಂದು ಹಿಡಿಯಬಹುದು.

ಈಗ ಎರಡು ಸಾಧ್ಯತೆಗಳಿವೆ. ಕೊಕ್ಕು ಮತ್ತು ಕಣ್ಣಿನ ನಡುವಿನ ಸ್ಪಂಜು ಮೂಳೆ ಒತ್ತಿಕೊಳ್ಳುವುದಾದರೆ, ಕೊಕ್ಕು ಮರಕ್ಕೆ ತಗುಲಿ ಗಕ್ಕನೆ ನಿಂತ ಮೇಲೂ ಕಣ್ಣು ಒಂದಿಷ್ಟು ಮುಂದೆ ಸಾಗಿ ನಿಧಾನವಾಗಿ ನಿಲ್ಲಬೇಕು. ಕಣ್ಣಿನ ವೇಗ ಇಳಿಯುವ ತೀವ್ರತೆ ಕೊಕ್ಕಿನದಕ್ಕಿಂತ ಕಡಿಮೆ ಇರಬೇಕು, ಇಬ್ಬರ ನಡುವಿನ ಅಂತರವೂ ಕ್ಷಣಕಾಲ ಕಿರಿದಾಗಬೇಕು. ನಡುವೆ ಏನೂ ಒತ್ತಿಕೊಳ್ಳದಿದ್ದರೆ ಎರಡೂ ಚುಕ್ಕೆಗಳು ಒಟ್ಟಿಗೆ ನಿಲ್ಲಬೇಕು.

ಸುಮಾರು ನೂರು ಹೊಡೆತಗಳನ್ನು ಹೀಗೆ ಪರಿಶೀಲಿಸಿದರು. ಮೂರೂ ಜಾತಿಗಳಲ್ಲಿ ಕೊಕ್ಕು ಮತ್ತು ಕಣ್ಣು ಒಟ್ಟಿಗೇ ನಿಂತವು. ಕೊಕ್ಕಿನಿಂದ ಬುರುಡೆಯವರೆಗೆ ತಲೆ ಗಟ್ಟಿಯಾದ ಒಂದೇ ತುಂಡಾಗಿ ವರ್ತಿಸುತ್ತಿತ್ತು. ಕಂಪ್ಯೂಟರ್ ಮಾದರಿಯಲ್ಲಿ ತಲೆಗೆ ಒತ್ತಿಕೊಳ್ಳುವ ಭಾಗವೊಂದನ್ನು ಸೇರಿಸಿ ನೋಡಿದಾಗ ಆ ಬಡಗಿಯ ಅನುಭವವೇ ಲೆಕ್ಕದಲ್ಲೂ ಬಂತು: ಕೊಕ್ಕು ಮರದೊಳಗೆ ಇಳಿಯುವ ಆಳ ಕಡಿಮೆಯಾಯಿತು. ಈ ಫಲಿತಾಂಶ 2022ರಲ್ಲಿ ‘ಕರೆಂಟ್ ಬಯಾಲಜಿ’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಹಾಗಾದರೆ ಸ್ಪಂಜು ಮೂಳೆ ಯಾಕಿದೆ? ರಂಧ್ರಗಳಿರುವ ಮೂಳೆ ಎಲ್ಲ ಸಲವೂ ಮೆತ್ತಗಿರುತ್ತದೆ ಎಂದೇನಿಲ್ಲ. ಒಳಗಿನ ಎಳೆಗಳು ದಪ್ಪವಾಗಿ, ಒತ್ತಾಗಿ ಹೆಣೆದುಕೊಂಡಿದ್ದರೆ ಅದು ಕಡಿಮೆ ತೂಕದಲ್ಲಿ ಹೆಚ್ಚು ಬಲ ಕೊಡುವ ರಚನೆಯಾಗುತ್ತದೆ. ಸಾವಿರಾರು ಹೊಡೆತಗಳಿಗೆ ಮೂಳೆ ಬಿರಿಯದಂತೆ ಅದು ನೋಡಿಕೊಳ್ಳುತ್ತದೆ ಎಂಬುದು ಹೆಚ್ಚು ಒಪ್ಪುವ ವಿವರಣೆ. ನೆತ್ತಿಯವರೆಗೆ ಸುತ್ತಿಬಂದ ನಾಲಿಗೆ ಮೂಳೆಯ ಕೆಲಸವೂ ಸ್ಪಷ್ಟ: ಆಳವಾದ ಬಿಲದೊಳಗಿನ ಹುಳವನ್ನು ಮುಟ್ಟುವಷ್ಟು ಉದ್ದದ ನಾಲಿಗೆಯನ್ನು ಚಾಚಿ, ಮತ್ತೆ ಒಳಗೆಳೆದು ಇಟ್ಟುಕೊಳ್ಳಲು ಅಷ್ಟು ಜಾಗ ಬೇಕೇ ಬೇಕು.

ನಿಜವಾದ ರಕ್ಷಣೆ: ಪುಟ್ಟ ಮಿದುಳು

ಪೆಟ್ಟನ್ನು ಯಾವುದೂ ತಡೆಯುತ್ತಿಲ್ಲ ಎಂದಾದರೆ ಅದು ಪೂರ್ತಿಯಾಗಿ ಮಿದುಳಿಗೇ ತಟ್ಟುತ್ತಿದೆ ಎಂದಾಯಿತು. ಆದರೂ ಹಕ್ಕಿ ಸುಖವಾಗಿದೆ. ಇದನ್ನು ಅರ್ಥಮಾಡಿಕೊಳ್ಳಲು ಪೆಟ್ಟು ಬಿದ್ದಾಗ ಮಿದುಳಿನೊಳಗೆ ಏನಾಗುತ್ತದೆ ಎಂದು ನೋಡಬೇಕು.

ಓಡುತ್ತಿರುವ ತಲೆ ಗಕ್ಕನೆ ನಿಂತಾಗ ಬುರುಡೆ ನಿಲ್ಲುತ್ತದೆ, ಒಳಗಿನ ಮಿದುಳು ಮುಂದಕ್ಕೆ ನುಗ್ಗಲು ನೋಡುತ್ತದೆ. ಹಣೆಯ ಕಡೆಯ ಭಾಗ ಬುರುಡೆಗೆ ಒತ್ತಿಕೊಳ್ಳುತ್ತದೆ. ಅದರ ಹಿಂದಿನ ಭಾಗ ಅದನ್ನು ಒತ್ತುತ್ತದೆ, ಅದರ ಹಿಂದಿನದು ಇದನ್ನು. ಹೀಗೆ ಹಿಂದಿನ ಅಷ್ಟೂ ಮಿದುಳಿನ ಭಾರವನ್ನು ಮುಂದಿನ ಪದರ ಹೊರಬೇಕಾಗುತ್ತದೆ. ಮಿದುಳು ಮುಂದಿನಿಂದ ಹಿಂದಕ್ಕೆ ಎಷ್ಟು ಉದ್ದವೋ ಮುಂದಿನ ಪದರದ ಮೇಲಿನ ಒತ್ತಡ ಅಷ್ಟು ಹೆಚ್ಚು. ಗಾಯ ಮಾಡುವುದು ಈ ಒತ್ತಡ. ಹೊರಗಿನ ಪೆಟ್ಟಿನ ಅಂಕಿಯೊಂದನ್ನೇ ನೋಡಿದರೆ ಸಾಲದು.

ಒಂದು ಸರಳ ಲೆಕ್ಕ ಮಾಡೋಣ. ಮನುಷ್ಯನ ಮಿದುಳಿನ ತೂಕ ಸುಮಾರು 1,400 ಗ್ರಾಂ. ಮಧ್ಯಮ ಗಾತ್ರದ ಮರಕುಟಿಗದ್ದು ಸುಮಾರು 2 ಗ್ರಾಂ. ತೂಕದಲ್ಲಿ 700 ಪಟ್ಟು ವ್ಯತ್ಯಾಸ. ಎರಡನ್ನೂ ಚೌಕನೆಯ ಪೆಟ್ಟಿಗೆಗಳೆಂದು ಭಾವಿಸಿದರೆ ಮನುಷ್ಯನದರ ಒಂದು ಬದಿ 11 ಸೆಂಟಿಮೀಟರ್, ಹಕ್ಕಿಯದು ಒಂದೂಕಾಲು ಸೆಂಟಿಮೀಟರ್. ಉದ್ದದಲ್ಲಿ ಒಂಬತ್ತು ಪಟ್ಟು ವ್ಯತ್ಯಾಸ. ಈಗ ಎರಡರಲ್ಲೂ ಮುಂದಿನ ಮೇಲ್ಮೈಯ ಒಂದು ಚದರ ಸೆಂಟಿಮೀಟರ್ ಜಾಗವನ್ನು ಆರಿಸಿಕೊಳ್ಳಿ. ಅದರ ಹಿಂದೆ ಮನುಷ್ಯನಲ್ಲಿ 11 ಗ್ರಾಂ ಮಿದುಳಿದೆ, ಹಕ್ಕಿಯಲ್ಲಿ ಒಂದೂಕಾಲು ಗ್ರಾಂ.

ವೇಗ ಗಕ್ಕನೆ ಇಳಿಯುವ ತೀವ್ರತೆಯನ್ನು ವಿಜ್ಞಾನಿಗಳು ‘ಜಿ’ ಎಂಬ ಮಾನದಲ್ಲಿ ಅಳೆಯುತ್ತಾರೆ. ಭೂಮಿ ನಮ್ಮನ್ನು ಎಳೆಯುವ ಸೆಳೆತ ಒಂದು ಜಿ. ನೂರು ಜಿ ಎಂದರೆ ಆ ಕ್ಷಣಕ್ಕೆ ಪ್ರತಿ ವಸ್ತುವೂ ತನ್ನ ನೂರು ಪಟ್ಟು ಭಾರವಿದ್ದಂತೆ ಒತ್ತುತ್ತದೆ. ಮನುಷ್ಯನ ತಲೆಗೆ ಸುಮಾರು ನೂರು ಜಿಯ ಪೆಟ್ಟು ಬಿದ್ದರೆ ಮಿದುಳಿಗೆ ಆಘಾತವಾಗುವ ಸಂಭವ ಹೆಚ್ಚು. ಆಗ ನಾವು ಆರಿಸಿಕೊಂಡ ಒಂದು ಚದರ ಸೆಂಟಿಮೀಟರಿನ ಮೇಲೆ 11 ಗ್ರಾಂ ಮಿದುಳು 1,100 ಗ್ರಾಂ ಭಾರವಾಗಿ ಒತ್ತುತ್ತದೆ. ಮರಕುಟಿಗದ ಜೋರಾದ ಹೊಡೆತದಲ್ಲಿ ಆಂಟ್‌ವರ್ಪ್ ತಂಡ ಕಂಡದ್ದು ಸುಮಾರು 400 ಜಿ. ನಾಲ್ಕು ಪಟ್ಟು ತೀವ್ರ ಪೆಟ್ಟು. ಆದರೆ ಒತ್ತುವ ಮಿದುಳು ಒಂದೂಕಾಲು ಗ್ರಾಂ ಮಾತ್ರವಾದ್ದರಿಂದ ಆ ಜಾಗದ ಮೇಲೆ ಬೀಳುವುದು 500 ಗ್ರಾಂ ಭಾರ. ನಮ್ಮ ಅಪಾಯದ ಮಟ್ಟದ ಅರ್ಧಕ್ಕಿಂತಲೂ ಕಡಿಮೆ.

ಇದು ಒರಟು ಲೆಕ್ಕ. ನಿಜವಾದ ಮಿದುಳು ಪೆಟ್ಟಿಗೆಯ ಆಕಾರದಲ್ಲಿಲ್ಲ, ದೊಡ್ಡ ಮರಕುಟಿಗಗಳ ಮಿದುಳು 2 ಗ್ರಾಮಿಗಿಂತ ಹೆಚ್ಚು ತೂಗುತ್ತದೆ. ಆಂಟ್‌ವರ್ಪ್ ತಂಡ ಮಿದುಳಿನ ನಿಜವಾದ ಗಾತ್ರ ಮತ್ತು ಆಕಾರವನ್ನು ಹಿಡಿದು ಲೆಕ್ಕ ಹಾಕಿದಾಗಲೂ ತೀರ್ಮಾನ ಇದೇ ಆಯಿತು. ಅವರು ನೋಡಿದ ಹೊಡೆತಗಳಲ್ಲಿ ಅತಿ ಜೋರಾದದ್ದೂ, ಮನುಷ್ಯರು ಮತ್ತು ಕೋತಿಗಳ ಮಿದುಳಿಗೆ ಆಘಾತವಾಗುವ ಒತ್ತಡಕ್ಕಿಂತ ಕೆಳಗೇ ಇತ್ತು. ಆ ಮಟ್ಟ ಮುಟ್ಟಬೇಕಾದರೆ ಹಕ್ಕಿ ಈಗಿನ ಎರಡರಷ್ಟು ವೇಗದಲ್ಲಿ ಬಡಿಯಬೇಕು, ಅಥವಾ ಈಗಿನ ವೇಗದಲ್ಲೇ ಮರಕ್ಕಿಂತ ನಾಲ್ಕು ಪಟ್ಟು ಗಡುಸಾದ ಮೇಲ್ಮೈಗೆ ಬಡಿಯಬೇಕು.

ಗಾತ್ರವೇ ರಕ್ಷಣೆ ಎಂಬ ಈ ಮಾತನ್ನು ಅಮೆರಿಕದ ಎಂಐಟಿಯ ಲೋರ್ನಾ ಗಿಬ್ಸನ್ 2006ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಗಾತ್ರದ ಜೊತೆಗೆ, ಪೆಟ್ಟು ತೀರ ಕಡಿಮೆ ಹೊತ್ತು ಇರುವುದು ಮತ್ತು ಬುರುಡೆಯೊಳಗೆ ಮಿದುಳು ಕೂತಿರುವ ಭಂಗಿ ಕೂಡ ನೆರವಾಗುತ್ತವೆ ಎಂದು ಅವರು ವಿವರಿಸಿದ್ದರು. ತಲೆಯೊಳಗಿನ ಸ್ಪಂಜಿನ ಕಥೆ ಹೆಚ್ಚು ಆಕರ್ಷಕವಾಗಿದ್ದರಿಂದಲೋ ಏನೋ, ಲೆಕ್ಕದ ಈ ಉತ್ತರ ಜನರವರೆಗೆ ಬರಲು ತಡವಾಯಿತು.

ನೇರ ಹೊಡೆತ, ಬಿಗಿದ ಕತ್ತು

ಇನ್ನು ಫಿಲಿಪ್ ಮೇ ಕಂಡ ನೇರ ಗೆರೆಯ ವಿಷಯ. ಮನುಷ್ಯರ ತಲೆಪೆಟ್ಟಿನಲ್ಲಿ ಹೆಚ್ಚು ಹಾನಿ ಮಾಡುವುದು ತಲೆ ಗಕ್ಕನೆ ತಿರುಗುವುದು. ಬಾಕ್ಸಿಂಗ್‌ನಲ್ಲಿ ದವಡೆಯ ಪಕ್ಕಕ್ಕೆ ಗುದ್ದು ಬಿದ್ದಾಗ, ಬೈಕಿನಿಂದ ಬಿದ್ದು ತಲೆ ಓರೆಯಾಗಿ ನೆಲಕ್ಕೆ ತಗುಲಿದಾಗ ಬುರುಡೆ ತಿರುಗುತ್ತದೆ, ಒಳಗಿನ ಮಿದುಳು ಹಿಂದೆ ಉಳಿಯುತ್ತದೆ. ಒಳಗಿನ ಪದರಗಳು ಒಂದರ ಮೇಲೊಂದು ಜಾರಿ, ಉದ್ದದ ನರತಂತುಗಳು ಎಳೆದುಕೊಂಡು ಹರಿಯುತ್ತವೆ. ಮರಕುಟಿಗ ಕೊಕ್ಕನ್ನು ಬಹುಮಟ್ಟಿಗೆ ನೇರವಾಗಿ ಬಡಿಯುವುದರಿಂದ ಅದರ ಮಿದುಳಿಗೆ ಈ ತಿರುಚು ಹೆಚ್ಚಾಗಿ ತಟ್ಟುವುದಿಲ್ಲ. ಮಿದುಳು ನಮ್ಮದರಂತೆ ಮಡಿಕೆ ಮಡಿಕೆಯಾಗಿಲ್ಲ, ನುಣುಪಾಗಿದೆ. ಸುತ್ತ ತೆರಪೂ ಕಡಿಮೆ, ಹಾಗಾಗಿ ಒಳಗೇ ಓಲಾಡುವ ಅವಕಾಶವೂ ಕಡಿಮೆ.

ಇಷ್ಟು ನೇರವಾಗಿ ಬಡಿಯಲು ಇಡೀ ಮೈ ದುಡಿಯುತ್ತದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಪುಟ್ಟ ಜಾತಿಯ ಮರಕುಟಿಗಗಳ ಸ್ನಾಯುಗಳ ವಿದ್ಯುತ್ ಸಂಕೇತಗಳನ್ನು ಹಕ್ಕಿ ಬಡಿಯುತ್ತಿರುವಾಗಲೇ ದಾಖಲಿಸಿ 2025ರಲ್ಲಿ ಪ್ರಕಟಿಸಿದರು. ಸೊಂಟ ಮತ್ತು ಕತ್ತಿನ ಮುಂಭಾಗದ ಸ್ನಾಯುಗಳು ಮೈಯನ್ನು ಮುಂದಕ್ಕೆ ತಳ್ಳುತ್ತವೆ. ಹೊಡೆತದ ಹೊತ್ತಿಗೆ ತಲೆ, ಕತ್ತಿನ ಸ್ನಾಯುಗಳು ಬಿಗಿಯುತ್ತವೆ. ಬಾಲದ ಗಡುಸು ಗರಿಗಳು ಕಾಂಡಕ್ಕೆ ಆತುಕೊಂಡಿರುತ್ತವೆ. ಪ್ರತಿ ಹೊಡೆತಕ್ಕೂ ಸರಿಯಾಗಿ ಹಕ್ಕಿ ಉಸಿರು ಹೊರಗೆ ಬಿಡುತ್ತದೆ. ಪೆಟ್ಟನ್ನು ಮೆತ್ತಗಾಗಿಸುವ ಪ್ರಯತ್ನ ಮೈಯ ಯಾವ ಭಾಗದಲ್ಲೂ ಕಾಣುವುದಿಲ್ಲ. ಎಲ್ಲವೂ ಮೈಯನ್ನು ಇನ್ನಷ್ಟು ಗಟ್ಟಿ ಮಾಡುವ ಕಡೆಗೇ ಇದೆ.

ಹಾಗೆಂದು ಕೊಕ್ಕು ಬುರುಡೆಗೆ ಬೆಸುಗೆ ಹಾಕಿದಂತೆ ಅಂಟಿಕೊಂಡಿಲ್ಲ. ನಡುವೆ ಕೀಲುಗಳಿವೆ. ಅವುಗಳ ಉಪಯೋಗವನ್ನೂ ಆಂಟ್‌ವರ್ಪ್ ತಂಡವೇ ಕಂಡುಹಿಡಿಯಿತು. ಕರಿ ಮರಕುಟಿಗ ಬಡಿಯುವಾಗ ಸುಮಾರು ಮೂರಕ್ಕೊಂದು ಸಲ ಕೊಕ್ಕು ಮರದಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಮೇಲ್ಗೊಕ್ಕು, ಕೆಳಗೊಕ್ಕುಗಳು ಒಂದರ ಪಕ್ಕ ಒಂದು ಜಾರುವಂತೆ ತಲೆಯನ್ನು ಕೊಂಚ ಮೇಲೆ ಕೆಳಗೆ ಆಡಿಸಿ, ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಅದು ಕೊಕ್ಕನ್ನು ಬಿಡಿಸಿಕೊಳ್ಳುತ್ತದೆ. ಪೆಟ್ಟು ನುಂಗಲು ಇವೆ ಎಂದುಕೊಂಡಿದ್ದ ಕೀಲುಗಳು ಸಿಕ್ಕಿಕೊಂಡ ಕೊಕ್ಕನ್ನು ಎಳೆದುಕೊಳ್ಳಲು ಇವೆ.

ಹಾನಿ ಪೂರ್ತಿ ಸೊನ್ನೆಯೇ?

ಒಂದೇ ಹೊಡೆತಕ್ಕೆ ಆಘಾತವಾಗುವುದಿಲ್ಲ ಎಂಬುದು ಒಂದು ಮಾತು. ಜೀವಮಾನವಿಡೀ ಬಡಿದರೆ ಸಣ್ಣ ಸವಕಳಿ ಸೇರುತ್ತ ಹೋಗುವುದಿಲ್ಲವೇ ಎಂಬುದು ಬೇರೆ ಪ್ರಶ್ನೆ. 2018ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ವಸ್ತುಸಂಗ್ರಹಾಲಯಗಳಲ್ಲಿ ಆಲ್ಕೋಹಾಲಿನಲ್ಲಿ ಕೆಡದಂತೆ ಇಟ್ಟಿದ್ದ ಮರಕುಟಿಗಗಳ ಮಿದುಳನ್ನು ತೆಳುವಾಗಿ ಸೀಳಿ ಪರೀಕ್ಷಿಸಿದರು. ಜೊತೆಗೆ, ಮರ ಬಡಿಯದ ಇನ್ನೊಂದು ಹಕ್ಕಿಯ ಮಿದುಳನ್ನೂ ಹೋಲಿಕೆಗೆ ಇಟ್ಟುಕೊಂಡರು. ಮರಕುಟಿಗಗಳಲ್ಲಿ ‘ಟೌ’ ಎಂಬ ಪ್ರೋಟೀನು ಅಲ್ಲಲ್ಲಿ ಶೇಖರವಾಗಿತ್ತು. ಇನ್ನೊಂದು ಹಕ್ಕಿಯಲ್ಲಿ ಇರಲಿಲ್ಲ.

ಟೌ ನರತಂತುಗಳ ಒಳಗಿನ ಆಧಾರಕ್ಕೆ ಬೇಕಾದ ಪ್ರೋಟೀನು. ಬಾಕ್ಸರುಗಳು ಮತ್ತು ಅಮೆರಿಕನ್ ಫುಟ್‌ಬಾಲ್ ಆಟಗಾರರು ಮತ್ತೆ ಮತ್ತೆ ತಲೆಪೆಟ್ಟು ತಿಂದಾಗ ಅವರ ಮಿದುಳಿನಲ್ಲಿ ಇದೇ ಪ್ರೋಟೀನು ಗಂಟುಗಟ್ಟಿ, ಮರೆವು, ಸಿಡುಕು, ನಡುಕ ಶುರುವಾಗುತ್ತವೆ. ಹಾಗಾದರೆ ಮರಕುಟಿಗವೂ ಒಳಗೊಳಗೇ ನರಳುತ್ತಿದೆಯೇ? ಈ ಪರೀಕ್ಷೆಯಿಂದ ಹಾಗೆಂದು ತೀರ್ಮಾನಿಸಲಾಗದು. ಟೌ ಶೇಖರವಾದದ್ದು ಗಾಯದ ಗುರುತೂ ಆಗಿರಬಹುದು, ಪೆಟ್ಟು ತಿನ್ನುವ ನರಗಳನ್ನು ಗಟ್ಟಿಯಾಗಿಡಲು ಮೈ ಮಾಡಿಕೊಂಡ ಏರ್ಪಾಡೂ ಆಗಿರಬಹುದು ಎಂದು ಆ ಸಂಶೋಧಕರೇ ಹೇಳಿದ್ದಾರೆ. ಬಾಟಲಿಯಲ್ಲಿಟ್ಟ ಹಕ್ಕಿ ಬದುಕಿದ್ದಾಗ ಹೇಗೆ ನಡೆದುಕೊಳ್ಳುತ್ತಿತ್ತು ಎಂದು ಮಿದುಳಿನ ಸೀಳು ಹೇಳುವುದಿಲ್ಲ.

ಹೆಲ್ಮೆಟ್‌ಗೆ ಏನು ಪಾಠ?

ಗಾತ್ರದ ಈ ನಿಯಮವೇ ಮರಕುಟಿಗಗಳಿಗೆ ಒಂದು ಮಿತಿಯನ್ನೂ ಹಾಕುತ್ತದೆ. ಈಗ ಬದುಕಿರುವ ಮರಕುಟಿಗಗಳಲ್ಲಿ ಅತಿ ದೊಡ್ಡದು ಹಿಮಾಲಯದ ತಪ್ಪಲಿನಿಂದ ಆಗ್ನೇಯ ಏಷ್ಯಾದವರೆಗೆ ಹಬ್ಬಿರುವ ಬೂದುಬಣ್ಣದ ಜಾತಿ. ಅದರ ಉದ್ದ ಸುಮಾರು ಅರ್ಧ ಮೀಟರ್. ಹದ್ದಿನ ಗಾತ್ರದ ಮರಕುಟಿಗವಿದ್ದಿದ್ದರೆ ಅದರ ಸ್ನಾಯುಗಳು ಇನ್ನೂ ಗಟ್ಟಿ ಮರವನ್ನು ಕೊರೆಯಬಹುದಿತ್ತು. ಆದರೆ ತಲೆ ದೊಡ್ಡದಾದಂತೆ ಮಿದುಳಿನ ಉದ್ದವೂ ಬೆಳೆಯುತ್ತದೆ, ಒಳಗಿನ ಒತ್ತಡವೂ ಏರುತ್ತದೆ, ಈಗಿರುವ ಸುರಕ್ಷಿತ ಅಂತರ ಕರಗುತ್ತ ಬರುತ್ತದೆ. ಇದೇ ನಿಯಮವನ್ನು ಮನುಷ್ಯನ ತಲೆಗೆ ಹಚ್ಚಿದರೆ ಉತ್ತರ ತಿರುವುಮುರುವಾಗುತ್ತದೆ. ನಮ್ಮ ಮಿದುಳು ಉದ್ದ, ನಮ್ಮ ಪೆಟ್ಟುಗಳು ಓರೆ, ನಾವು ಬೀಳುವುದು ಡಾಂಬರು ಮತ್ತು ಕಾಂಕ್ರೀಟಿನ ಮೇಲೆ. ಆದ್ದರಿಂದ ನಮಗೆ ಹಕ್ಕಿಯಲ್ಲಿ ಇಲ್ಲದ್ದೇ ಬೇಕು: ಒತ್ತಿಕೊಂಡು ನಜ್ಜುಗುಜ್ಜಾಗಿ, ತಲೆ ನಿಲ್ಲುವ ಸಮಯವನ್ನು ಹಿಗ್ಗಿಸುವ ಪದರ.

ಹೆಲ್ಮೆಟ್ಟಿನೊಳಗಿನ ಬಿಳಿ ಥರ್ಮೋಕೋಲ್ ಪದರ ಮಾಡುವುದು ಇದೇ ಕೆಲಸ. ಒಂದು ಸಲ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗೆ ಸರಿಯಾಗಿ ಕಂಡರೂ ಒಳಗಿನ ಆ ಪದರ ಒತ್ತಿಹೋಗಿರುತ್ತದೆ, ಮತ್ತೊಮ್ಮೆ ಒತ್ತಿಕೊಳ್ಳಲು ಅದರಲ್ಲಿ ಏನೂ ಉಳಿದಿರುವುದಿಲ್ಲ. ಅದನ್ನು ಬದಲಿಸಲೇಬೇಕು. ಪದರವನ್ನು ಕಿತ್ತು ಬರೀ ಗಟ್ಟಿ ಚಿಪ್ಪನ್ನು ತಲೆಗೆ ಹಾಕಿಕೊಳ್ಳುವವರು, ಒಂದೂಕಾಲು ಸೆಂಟಿಮೀಟರ್ ಮಿದುಳಿನ ಹಕ್ಕಿಗೆ ಮಾತ್ರ ಸಾಕಾಗುವ ರಕ್ಷಣೆಯನ್ನು ನಂಬಿ ರಸ್ತೆಗಿಳಿಯುತ್ತಿದ್ದಾರೆ.